ಓದಬಲ್ಲ ಹುಡುಗ ಓದದಿದ್ದಾಗ: ಶಾಲೆ, ಗೆಳೆಯರ ಗುಂಪು ಮತ್ತು ಯಜಮಾನಿಕೆಯ ಗಂಡಸುತನ

ಗಡಿನಾಡಿನ ಒಂದು ಕನ್ನಡ ಪ್ರೌಢಶಾಲೆಯನ್ನು ಕಲ್ಪಿಸಿಕೊಳ್ಳೋಣ. ಪಾಠವನ್ನು ಗಟ್ಟಿಯಾಗಿ ಓದುವಂತೆ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಹೇಳಲಾಗುತ್ತದೆ. ಅವನು ಎದ್ದು ನಿಲ್ಲಲು ತಡಮಾಡುತ್ತಾನೆ, ಪದಗಳನ್ನು ನುಂಗುತ್ತಾನೆ, ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾನೆ, ನಡುನಡುವೆ ಹಿಂದಿನ ಬೆಂಚಿನ ಕಡೆ ನೋಡಿ ನಗುತ್ತಾನೆ. ಇದಕ್ಕೆ ಸಿದ್ಧವಾದ ವಿವರಣೆಯೊಂದು ಅಧ್ಯಾಪಕರ ಬಳಿ ಇರುತ್ತದೆ: ಅವನ ಮನೆಮಾತು ತುಳು, ಮಲಯಾಳ, ಮರಾಠಿ ಅಥವಾ ತೆಲುಗು; ಶಾಲೆಯ ಕನ್ನಡ ಅವನಿಗೆ ದೂರ. ಈ ವಿವರಣೆ ಎಷ್ಟೋ ಸಲ ನಿಜವೇ ಆಗಿರುತ್ತದೆ. ಆದರೆ ಅದೇ ಹುಡುಗ ಗೆಳೆಯರಾರೂ ಇಲ್ಲದ ಕೋಣೆಯಲ್ಲಿ ಅದೇ ಪುಟವನ್ನು ನಿರಾಯಾಸವಾಗಿ ಓದಿದನೆಂದರೆ, ಮನೆಮಾತಿನ ವಿವರಣೆ ಅಲ್ಲಿಗೆ ನಿಲ್ಲುತ್ತದೆ. ಮನೆಮಾತು ಎರಡೂ ಕಡೆ ಒಂದೇ. ಬದಲಾದುದು ಕೇಳುಗರು ಮಾತ್ರ. ತರಗತಿಯಲ್ಲಿ ಅವನು ಎಡವಿದ್ದು ಒತ್ತಕ್ಷರಕ್ಕಲ್ಲ, ಗೆಳೆಯರ ಕಣ್ಣಿಗೆ.

ಈ ಕಣ್ಣು ಏನನ್ನು ಅಳೆಯುತ್ತದೆ, ಅದರ ಅಳತೆಗೋಲು ಎಲ್ಲಿಂದ ಬಂತು ಎಂಬುದನ್ನು ವಿವರಿಸಲು ಸಮಾಜಶಾಸ್ತ್ರವು ಕಳೆದ ನಾಲ್ಕು ದಶಕಗಳಿಂದ ಬಳಸುತ್ತಿರುವ ಪರಿಕಲ್ಪನೆ ‘ಹೆಜೆಮೋನಿಕ್ ಮ್ಯಾಸ್ಕ್ಯುಲಿನಿಟಿ’, ಕನ್ನಡದಲ್ಲಿ ಯಜಮಾನಿಕೆಯ ಗಂಡಸುತನ. ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ರೇವಿನ್ ಕಾನೆಲ್ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಈ ಪರಿಕಲ್ಪನೆ ಹುಟ್ಟಿದ್ದೇ ಶಾಲೆಯಲ್ಲಿ. ಕಾನೆಲ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿ, ಪೋಷಕ, ಅಧ್ಯಾಪಕರನ್ನು ಮಾತನಾಡಿಸಿ ನಡೆಸಿದ ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಅಲ್ಲಿ ಮೊಳೆತ ವಿಚಾರವು 1985ರ ಒಂದು ದೀರ್ಘ ಲೇಖನದಲ್ಲೂ ಕಾನೆಲ್ ಅವರ 1987 ಮತ್ತು 1995ರ ಗ್ರಂಥಗಳಲ್ಲೂ ಬೆಳೆಯಿತು.

ಯಜಮಾನಿಕೆ ಎಂಬ ಮಾತು

‘ಹೆಜೆಮನಿ’ಯನ್ನು ದಬ್ಬಾಳಿಕೆ ಎಂದು ಅನುವಾದಿಸಿದರೆ ಪರಿಕಲ್ಪನೆ ಕೈತಪ್ಪುತ್ತದೆ. ಇಟಲಿಯ ಚಿಂತಕ ಆಂಟೋನಿಯೋ ಗ್ರಾಮ್ಶಿ ಈ ಮಾತನ್ನು ಬಳಸಿದ್ದು ಬಲದ ಜೊತೆಗೆ ಒಪ್ಪಿಗೆಯೂ ಸೇರಿ ನಡೆಯುವ ಆಳ್ವಿಕೆಗೆ. ಕನ್ನಡದ ‘ಯಜಮಾನ’ ಎಂಬ ಪದ ಈ ಸೂಕ್ಷ್ಮವನ್ನು ಚೆನ್ನಾಗಿ ಹಿಡಿಯುತ್ತದೆ. ಮನೆಯ ಯಜಮಾನನ ಮಾತು ನಡೆಯುವುದು ಅವನು ದಿನವೂ ಕೋಲು ಹಿಡಿಯುವುದರಿಂದಲ್ಲ. ಮನೆಯ ಹಿರಿಕಿರಿಯರೆಲ್ಲ ಅದು ಹಾಗೆಯೇ ನಡೆಯತಕ್ಕದ್ದೆಂದು ಎಣಿಸಿರುವುದರಿಂದ. ಗಂಡ ಎಂಬ ಅರ್ಥದಲ್ಲೂ ಅದೇ ಪದ ಬಳಕೆಯಲ್ಲಿರುವುದು ಕೇವಲ ಆಕಸ್ಮಿಕವಲ್ಲ.

ಆದುದರಿಂದ ಯಜಮಾನಿಕೆಯ ಗಂಡಸುತನವೆಂದರೆ ಒರಟು ಗಂಡಸರ ಒಂದು ಜಾತಿಯಲ್ಲ, ಯಾರದೋ ಸ್ವಭಾವದ ಹೆಸರೂ ಅಲ್ಲ. ಒಂದು ಕಾಲದ ಒಂದು ಸಮಾಜದಲ್ಲಿ ‘ಗಂಡಸೆಂದರೆ ಹೀಗೆ’ ಎಂದು ಮಾನ್ಯವಾಗಿರುವ, ಹೆಂಗಸರ ಮೇಲೂ ಉಳಿದ ಗಂಡಸರ ಮೇಲೂ ಮೇಲ್ಮೆಯನ್ನು ಸಹಜವೆಂಬಂತೆ ತೋರಿಸುವ ಮಾದರಿ ಅದು. ಬಹುಪಾಲು ಗಂಡಸರು ಆ ಮಾದರಿಯನ್ನು ಮುಟ್ಟುವುದಿಲ್ಲ. ಮುಟ್ಟದೆಯೂ ಅದರ ಲಾಭ ಪಡೆಯುತ್ತ, ಅದಕ್ಕೆ ತಲೆಯಾಡಿಸುತ್ತ ಇರುವವರದು ಸಹಭಾಗಿ ಗಂಡಸುತನ ಎಂದು ಕಾನೆಲ್ ಹೇಳುತ್ತಾರೆ. ಹೆಣ್ಣಿಗೆ ಹತ್ತಿರದವೆಂದು ಹೀಗಳೆಯಲಾಗುವುದು ಅಧೀನ ಗಂಡಸುತನ. ವರ್ಗ, ಜನಾಂಗಗಳ ಕಾರಣದಿಂದ ಅಧಿಕಾರದ ಹೊರಗುಳಿಯುವುದು ಅಂಚಿನ ಗಂಡಸುತನ. ಇವು ನಾಲ್ಕು ಬಗೆಯ ಹುಡುಗರಲ್ಲ, ನಾಲ್ಕು ಸ್ಥಾನಗಳು. ಒಬ್ಬನೇ ಹುಡುಗ ಬೆಳಿಗ್ಗೆ ತರಗತಿಯಲ್ಲಿ ಒಂದರಲ್ಲೂ ಸಂಜೆ ಮೈದಾನದಲ್ಲಿ ಇನ್ನೊಂದರಲ್ಲೂ ಇರಬಲ್ಲ.

ಕಾಸರಗೋಡಿನ ಓದುಗರಿಗೆ ಇದರ ನಿದರ್ಶನ ಮನೆಯಂಗಳದಲ್ಲೇ ಇದೆ. ಯಕ್ಷಗಾನವನ್ನು ಅಭಿಮಾನದಿಂದ ಗಂಡುಕಲೆ ಎಂದು ಕರೆಯುತ್ತಾರೆ. ಆ ಗಂಡುಕಲೆಯ ರಂಗಸ್ಥಳದಲ್ಲಿ ಸ್ತ್ರೀವೇಷ ಕಟ್ಟಿ ಒನಪು ತೋರುವ ಕಲಾವಿದನಿಗೆ ಮನ್ನಣೆಯೂ ಉಂಟು. ಆದರೆ ಅದೇ ಒನಪು ಶಾಲೆಯ ಅಂಗಳದಲ್ಲಿ ಒಬ್ಬ ಹುಡುಗನ ನಡಿಗೆಯಲ್ಲಿ ಕಂಡರೆ ‘ಹೆಣ್ಣಿಗ’ ಎಂಬ ಬೈಗುಳ ಬೀಳುತ್ತದೆ. ನಡಿಗೆ ಬದಲಾಗಿಲ್ಲ, ಅದನ್ನು ಅಳೆಯುವ ಸನ್ನಿವೇಶ ಬದಲಾಗಿದೆ. ಗಂಡಸುತನ ಮೈಯ ಗುಣವಲ್ಲ, ಸಂಬಂಧದ ಗುಣ ಎಂಬ ಮಾತಿಗೆ ಇಷ್ಟೇ ಅರ್ಥ.

ಹನ್ನೆರಡು ಹುಡುಗರ ಕಥೆ

ಹುಡುಗರು ಈ ಅಳತೆಗೋಲನ್ನು ಕಲಿಯುವ ಬಗೆಯನ್ನು ಅತ್ಯಂತ ಹತ್ತಿರದಿಂದ ತೋರಿಸಿದ ಗ್ರಂಥ, ಆ ಪರಿಕಲ್ಪನೆಗಿಂತಲೂ ಹಳೆಯದು. ಪಾಲ್ ವಿಲ್ಲಿಸ್ 1972ರಿಂದ 1975ರವರೆಗೆ ಇಂಗ್ಲೆಂಡಿನ ಮಧ್ಯಭಾಗದ ಕೈಗಾರಿಕಾ ಪಟ್ಟಣವೊಂದರ ಶಾಲೆಯಲ್ಲಿ ಕ್ಷೇತ್ರಕಾರ್ಯ ನಡೆಸಿದರು. ಪಟ್ಟಣಕ್ಕೆ ‘ಹ್ಯಾಮರ್‌ಟೌನ್’ ಎಂಬ ಮರೆಹೆಸರು ಕೊಟ್ಟು ಬರೆದ ‘ಲರ್ನಿಂಗ್ ಟು ಲೇಬರ್’ 1977ರಲ್ಲಿ ಹೊರಬಂತು. ಕಾರ್ಮಿಕ ಕುಟುಂಬಗಳ ಹನ್ನೆರಡು ಹುಡುಗರ ಒಂದು ಗುಂಪನ್ನು ಶಾಲೆಯ ಕೊನೆಯ ಎರಡು ವರ್ಷಗಳಲ್ಲೂ ನಂತರ ಅವರು ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲೂ ವಿಲ್ಲಿಸ್ ಹಿಂಬಾಲಿಸಿದರು. ಆ ಹುಡುಗರು ತಮ್ಮನ್ನು ‘ಲ್ಯಾಡ್ಸ್’ ಎಂದು ಕರೆದುಕೊಳ್ಳುತ್ತಿದ್ದರು. ಪಾಠಕ್ಕೆ ಕಿವಿಗೊಡುವ ವಿಧೇಯ ಹುಡುಗರಿಗೆ ಅವರು ಇಟ್ಟ ಹೆಸರು ‘ಇಯರ್‌ಹೋಲ್ಸ್’, ಅಂದರೆ ಕಿವಿತೂತುಗಳು. ಕೇಳುವುದಷ್ಟೇ ಗೊತ್ತು, ಮಾಡುವುದೇನೂ ಗೊತ್ತಿಲ್ಲದವರು ಎಂಬುದು ಆ ಹೆಸರಿನ ಕುಹಕ.

ಲ್ಯಾಡ್ಸ್ ಅಧ್ಯಾಪಕರನ್ನು ನೇರವಾಗಿ ಎದುರಿಸುವುದು ಅಪರೂಪ. ಕುರ್ಚಿಯನ್ನು ಕರಕರ ಎಳೆಯುವುದು, ಚಿಕ್ಕ ಆಜ್ಞೆಗೂ ಲೊಚಗುಟ್ಟುವುದು, ಕುಳಿತಲ್ಲೇ ಮಿಸುಕಾಡುವುದು, ಶಿಕ್ಷೆಗೆ ಗುರಿಯಾಗುವ ಗೆರೆಯ ಈಚೆಗೇ ನಿಲ್ಲುವುದು ಅವರ ಕೌಶಲ. ಶಾಲೆಯ ಗೇಟಿನ ಬಳಿ ಸಿಗರೇಟು ಸೇದುವಾಗ ಅಡಗಿಕೊಳ್ಳುವುದಿಲ್ಲ. ಕಾಣಿಸಿಕೊಳ್ಳುವುದೇ ಅದರ ಉದ್ದೇಶ. ಎಲ್ಲಕ್ಕಿಂತ ಮೇಲಿನದು ನಗು. ಯಾವ ಸನ್ನಿವೇಶದಿಂದಲಾದರೂ ನಗುವನ್ನು ಹಿಂಡಿ ತೆಗೆಯಬಲ್ಲವನಿಗೆ ಗುಂಪಿನಲ್ಲಿ ಮರ್ಯಾದೆ. ಅತಿ ದೊಡ್ಡ ಅಪರಾಧವೆಂದರೆ ಅಧ್ಯಾಪಕರ ಬಳಿ ಚಾಡಿ ಹೇಳುವುದು.

ಕಲಿಕೆ ನಡೆಯುವುದು ಈ ನಗುವಿನ ಮೂಲಕವೇ ಎಂಬುದು ಗಮನಿಸಬೇಕಾದ ಅಂಶ. ಗಂಡಸು ಹೇಗಿರಬೇಕೆಂದು ಗುಂಪು ಯಾರಿಗೂ ಪಾಠ ಹೇಳುವುದಿಲ್ಲ. ಒಬ್ಬ ಏನೋ ಅನ್ನುತ್ತಾನೆ, ಉಳಿದವರು ಗೇಲಿ ಮಾಡುತ್ತಾರೆ, ಅವನು ತಿರುಗಿ ಕೊಡಬೇಕು. ಕೊಟ್ಟರೆ ಒಳಗೆ, ಮುಖ ಬಾಡಿಸಿದರೆ ಹೊರಗೆ. ಗೇಲಿಗೊಳಗಾದವನು ಮುಂದಿನ ಸಲ ಆ ಮಾತನ್ನು ಆಡುವುದಿಲ್ಲ. ನೋಡುತ್ತ ನಿಂತವರೂ ಆಡುವುದಿಲ್ಲ. ಹೀಗೆ ಒಂದು ನಗುವಿನಿಂದ ಹತ್ತು ಹುಡುಗರು ಒಂದೇ ಗೆರೆಯನ್ನು ಕಲಿಯುತ್ತಾರೆ, ಮತ್ತು ಅದನ್ನು ಕಲಿಸಿದವರು ಯಾರೆಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ನಗುವಿನ ಗುರಿಯಲ್ಲಿ ಕಿವಿತೂತುಗಳಷ್ಟೇ ಇರಲಿಲ್ಲ; ಹುಡುಗಿಯರೂ ವಲಸೆ ಬಂದ ಕುಟುಂಬಗಳ ಮಕ್ಕಳೂ ಇದ್ದರು. ಅಲ್ಲಿ ಅದು ನಗುವಿನಲ್ಲೇ ನಿಲ್ಲದೆ ಹೀನಾಯವೂ ಹಿಂಸೆಯೂ ಆಗುತ್ತಿತ್ತು.

ವಿಲ್ಲಿಸ್ ಮುಂದಿಟ್ಟ ಪ್ರಶ್ನೆ ಇನ್ನೂ ಆಳದ್ದು. ಕಾರ್ಮಿಕರ ಮಕ್ಕಳು ಕಾರ್ಮಿಕರೇ ಆಗುವುದು ಅವರ ಮೇಲೆ ಯಾರೋ ಹೇರುವುದರಿಂದ ಮಾತ್ರವೇ? ಅಲ್ಲ ಎಂಬುದು ಅವರ ಉತ್ತರ. ಲ್ಯಾಡ್ಸ್ ಕಣ್ಣಿನಲ್ಲಿ ಬೆವರು ಸುರಿಸುವ ಕೆಲಸ ಗಂಡಸಿನದು, ಕಾಗದ ಪೆನ್ನಿನ ಕೆಲಸ ಹೆಣ್ಣಿಗತನದ್ದು. ಗುಂಪಿನ ನಗು, ಅಧಿಕಾರಕ್ಕೆ ತೋರುವ ಅಸಡ್ಡೆ, ಒರಟುತನ ಇವೆಲ್ಲ ಅವರ ತಂದೆಯರು ಕಾರ್ಖಾನೆಯಲ್ಲಿ ಬದುಕುತ್ತಿದ್ದ ರೀತಿಯ ಪ್ರತಿರೂಪವೇ ಆಗಿದ್ದವು. ಓದಿದರೆ ಎಲ್ಲರೂ ಮೇಲೇರಬಹುದೆಂಬ ಶಾಲೆಯ ಭರವಸೆ ಒಟ್ಟು ವರ್ಗಕ್ಕೆ ಪೊಳ್ಳೆಂದು ಆ ಹುಡುಗರು ಸರಿಯಾಗಿಯೇ ಕಂಡುಕೊಂಡಿದ್ದರು. ಆದರೆ ಆ ಅರಿವು ಪ್ರತಿಭಟನೆಯಾಗಲಿಲ್ಲ. ಗಂಡಸುತನದ ಅಳತೆಗೋಲು ಅದನ್ನು ಓದಿನ ತಿರಸ್ಕಾರವಾಗಿ ತಿರುಗಿಸಿತು. ಹದಿನಾರರ ಹುಡುಗ ತನ್ನ ಕಾಲಮೇಲೆ ನಡೆದು ಕಾರ್ಖಾನೆಯ ಗೇಟಿನೊಳಗೆ ಹೋದ. ಮುಂದಿನ ದಶಕದಲ್ಲಿ ಬ್ರಿಟನ್ನಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಾಗ, ಆ ಗಂಡಸುತನಕ್ಕೆ ಆಧಾರವಾಗಿದ್ದ ಕೆಲಸವೇ ಇಲ್ಲವಾಯಿತು.

ಇಲ್ಲಿ ಒಂದು ಸಾಮಾನ್ಯ ತಪ್ಪನ್ನು ತಿದ್ದಿಕೊಳ್ಳಬೇಕು. ಲ್ಯಾಡ್ಸ್ ಆ ಶಾಲೆಯ ಅಂಗಳದಲ್ಲಿ ಮೇಲುಗೈ ಪಡೆದಿದ್ದರು. ಆದರೆ ಇಡೀ ಸಮಾಜದ ಯಜಮಾನಿಕೆ ಅವರದಾಗಿರಲಿಲ್ಲ. ಕಾನೆಲ್ ಅವರ ತಂಡ ಆಸ್ಟ್ರೇಲಿಯಾದ ಶ್ರೀಮಂತ ಖಾಸಗಿ ಶಾಲೆಗಳಲ್ಲಿ ಕಂಡ ಹುಡುಗರಿಗೆ ಪರೀಕ್ಷೆಯ ಅಂಕವೂ ಆಟದ ಮೈದಾನದ ಗೆಲುವಿನಂತೆ ಗಂಡಸರ ಪೈಪೋಟಿಯೇ ಆಗಿತ್ತು. ಓದು ಅವರನ್ನು ವಕೀಲ, ವೈದ್ಯ, ವ್ಯವಸ್ಥಾಪಕರ ಅಧಿಕಾರಕ್ಕೆ ಒಯ್ಯುವ ದಾರಿ. ಅಂದರೆ ಓದು ತಾನಾಗಿ ಹೆಣ್ಣಿನದೂ ಅಲ್ಲ, ಗಂಡಿನದೂ ಅಲ್ಲ. ಓದಿನಿಂದ ಅಧಿಕಾರ ದೊರೆಯುವಲ್ಲಿ ಅದು ಗಂಡಸಿನದಾಗುತ್ತದೆ, ದೊರೆಯದ ಕಡೆ ಹೆಣ್ಣಿನದಾಗುತ್ತದೆ. 2005ರಲ್ಲಿ ಕಾನೆಲ್ ಮತ್ತು ಜೇಮ್ಸ್ ಮೆಸ್ಸರ್‌ಶ್ಮಿಟ್ ಪರಿಕಲ್ಪನೆಯನ್ನು ಪುನರ್‌ವಿಮರ್ಶಿಸಿದಾಗ, ಸ್ಥಳೀಯ, ಪ್ರಾದೇಶಿಕ, ಜಾಗತಿಕ ಮಟ್ಟಗಳನ್ನು ಬೇರ್ಪಡಿಸಿ ನೋಡಬೇಕೆಂದದ್ದು ಇಂಥ ಗೊಂದಲವನ್ನು ತಪ್ಪಿಸಲೆಂದೇ.

ದೋಷ ಭಾಷೆಯದೇ?

ವಿಲ್ಲಿಸ್ ಅವರ ಹುಡುಗರು ಏಕಭಾಷಿಗಳು. ಶಾಲೆಯ ಭಾಷೆಯೂ ಬೀದಿಯ ಭಾಷೆಯೂ ಬೇರೆಯಾಗಿರುವ ಕಡೆ ಇದೇ ಪ್ರಕ್ರಿಯೆ ಹೇಗೆ ಕಾಣುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಹಾರ್ಲೆಮ್‌ನತ್ತ ನೋಡಬೇಕು. 1960ರ ದಶಕದ ಉತ್ತರಾರ್ಧದಲ್ಲಿ ಭಾಷಾವಿಜ್ಞಾನಿ ವಿಲಿಯಂ ಲೆಬಾವ್ ಮತ್ತು ಸಂಗಡಿಗರು ಅಲ್ಲಿನ ಕಪ್ಪು ಹುಡುಗರ ಬೀದಿಗುಂಪುಗಳ ನಡುವೆ ಕೆಲಸ ಮಾಡಿದರು. ಆ ಹುಡುಗರು ಓದಿನಲ್ಲಿ ಹಿಂದುಳಿದಿರುವುದಕ್ಕೆ ಅವರ ಆಡುನುಡಿಯೇ ಕಾರಣವೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಅದನ್ನು ಪರೀಕ್ಷಿಸಲು ಲೆಬಾವ್ ಒಂದು ಸರಳ ಹೋಲಿಕೆ ಮಾಡಿದರು. ಒಂದೇ ನೆರೆಹೊರೆಯ ಎರಡು ಬಗೆಯ ಹುಡುಗರ ಶಾಲಾ ದಾಖಲೆಗಳನ್ನು ತೆಗೆದು ನೋಡಿದರು: ಗುಂಪಿನ ಪೂರ್ಣ ಸದಸ್ಯರು ಮತ್ತು ಗುಂಪಿನಿಂದ ದೂರ ಉಳಿದವರು. ದೂರ ಉಳಿದವರನ್ನು ಗುಂಪಿನವರು ‘ಲೇಮ್ಸ್’, ಅಂದರೆ ಕುಂಟರು, ಎಂದು ಹಂಗಿಸುತ್ತಿದ್ದರು.

ಇಬ್ಬರೂ ಬೆಳೆದದ್ದು ಒಂದೇ ಆಡುನುಡಿಯ ನಡುವೆ. ಆಡುನುಡಿಯೇ ಅಡ್ಡಿಯಾಗಿದ್ದರೆ ಇಬ್ಬರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ ಆಗಬೇಕಿತ್ತು. ಹಾಗಾಗಲಿಲ್ಲ. ಗುಂಪಿನಿಂದ ದೂರವಿದ್ದವರಲ್ಲಿ ಹಲವರ ಓದಿನ ಮಟ್ಟ ತರಗತಿ ಏರಿದಂತೆ ಏರುತ್ತ ಹೋಗಿತ್ತು. ಗುಂಪಿನ ಸದಸ್ಯರ ಮಟ್ಟ ಮಾತ್ರ ಎಷ್ಟು ತರಗತಿ ಏರಿದರೂ ಒಂದು ತಗ್ಗಾದ ಸೂರಿಗೆ ತಲೆ ತಾಗಿದಂತೆ ನಿಂತುಬಿಟ್ಟಿತ್ತು. ಆದರೆ ಈ ಸದಸ್ಯರು ಮಾತಿನಲ್ಲಿ ದಡ್ಡರಲ್ಲ. ಪ್ರತಿಮಾತಿನ ಚುರುಕಿನ ಮೇಲೆಯೇ ಗುಂಪಿನಲ್ಲಿ ಅವರ ಸ್ಥಾನ ನಿಂತಿತ್ತು. ಹಾಗಾದರೆ ಅಡ್ಡಿ ಭಾಷಾಶಕ್ತಿಯಲ್ಲಿಲ್ಲ. ಶಾಲೆಯಲ್ಲಿ ಗೆದ್ದರೆ ಗುಂಪಿನಲ್ಲಿ ಏನೂ ಗಳಿಸಿದಂತಾಗುವುದಿಲ್ಲ ಎಂಬ ಮೌಲ್ಯಗಳ ತಿಕ್ಕಾಟದಲ್ಲಿದೆ ಎಂಬುದು ಲೆಬಾವ್ ಅವರ ತೀರ್ಮಾನ. ಗಂಡಸುತನ ಅವರ ಅಧ್ಯಯನದ ವಿಷಯವಾಗಿರಲಿಲ್ಲ. ಅವರು ನೋಡಿದ್ದು ಹುಡುಗರ ಗುಂಪುಗಳನ್ನೇ ಎಂಬುದು ಮುಂದಿನ ಓದುಗರಿಗೆ ಎದ್ದು ಕಂಡ ಸಂಗತಿ.

ಎರಡು ಭಾಷೆಗಳ ನಡುವಿನ ಈ ತಕ್ಕಡಿ ನಮ್ಮ ನೆರೆಯಲ್ಲೂ ಅಧ್ಯಯನಕ್ಕೊಳಗಾಗಿದೆ. ಮಾನವಶಾಸ್ತ್ರಜ್ಞ ಕಾನ್‌ಸ್ಟಂಟೈನ್ ನಕಾಸಿಸ್ ಅವರ ‘ಡೂಯಿಂಗ್ ಸ್ಟೈಲ್’ (2016) ಮದುರೆ, ಚೆನ್ನೈಗಳ ಕಾಲೇಜು ಯುವಕರ ನಡುವಿನ ಕ್ಷೇತ್ರಕಾರ್ಯದಿಂದ ಬಂದುದು. ಅಲ್ಲಿ ಇಂಗ್ಲಿಷು ‘ಸ್ಟೈಲ್’ನ ಒಂದು ಸಾಮಗ್ರಿ. ತಮಿಳು ಮಾತಿನ ನಡುವೆ ಅದನ್ನು ಹದವಾಗಿ ಸೇರಿಸಬಲ್ಲವನಿಗೆ ಗೆಳೆಯರಲ್ಲಿ ಗತ್ತು ಬರುತ್ತದೆ. ಹದ ಮೀರಿ ಆಡಿದರೆ ಅದು ‘ಓವರ್’. ಆಡಿದವನು ‘ಪೀಟರ್’ ಎಂಬ ಹೆಸರಿನಡಿ ಗೇಲಿಗೆ ಗುರಿಯಾಗುತ್ತಾನೆ. ಇಂಗ್ಲಿಷು ಬಾರದಿರುವುದೂ ಅವಮಾನ, ಬರುತ್ತದೆಂದು ತೋರಿಸಿಕೊಳ್ಳುವುದೂ ಅಪಾಯ. ಗೆಳೆಯರಿಗಿಂತ ಒಂದಿಷ್ಟು ಎದ್ದು ಕಾಣಬೇಕು, ಆದರೆ ಗೆಳೆಯರನ್ನು ಕೆಳಗಿಟ್ಟಂತೆ ಕಾಣಬಾರದು. ಈ ಯುವಕರು ಶಾಲೆಯ ಹುಡುಗರಿಗಿಂತ ದೊಡ್ಡವರು ನಿಜ. ಆದರೆ ಹ್ಯಾಮರ್‌ಟೌನ್‌ನಲ್ಲಿ ಕಂಡ ಯಂತ್ರವೇ ಇಲ್ಲೂ ಕೆಲಸ ಮಾಡುತ್ತಿದೆ: ಎಷ್ಟು ಭಾಷೆಯನ್ನು ಎಲ್ಲಿ ಆಡಬಹುದೆಂಬ ಗೆರೆಯನ್ನು ಎಳೆಯುವುದು ಗೆಳೆಯರ ನಗು.

ಶಾಲೆಯ ಪಾಲು

ಇಷ್ಟನ್ನು ಓದಿದವರಿಗೆ ಗುಂಪು ಕೆಡಿಸುತ್ತದೆ, ಶಾಲೆ ತಿದ್ದುತ್ತದೆ ಎಂಬ ಚಿತ್ರ ಮೂಡಬಹುದು. ಆ ಚಿತ್ರ ಸರಿಯಲ್ಲ. ಕಾನೆಲ್ 1996ರ ಲೇಖನವೊಂದರಲ್ಲಿ, ಗಂಡಸುತನ ತಯಾರಾಗುವ ಸುಳಿಗಳು ಶಾಲೆಯ ವ್ಯವಸ್ಥೆಯೊಳಗೇ ಇವೆಯೆಂದು ತೋರಿಸಿದರು. ಹುಡುಗರದೆಂದು ಎಣಿಸಲಾದ ವಿಷಯಗಳು, ಶಿಸ್ತು ಮತ್ತು ಕ್ರೀಡೆ ಅಂಥ ಮೂರು ಸುಳಿಗಳು.

ಇವುಗಳಲ್ಲಿ ಶಿಸ್ತಿನ ಸುಳಿ ನಮ್ಮ ಶಾಲೆಗಳಲ್ಲಿ ಓದಿದ ಯಾರಿಗೂ ಅಪರಿಚಿತವಲ್ಲ. ಗಲಾಟೆ ಮಾಡಿದ ಹುಡುಗನನ್ನು ಹುಡುಗಿಯರ ಬೆಂಚಿನಲ್ಲಿ ಕೂರಿಸುವ ಶಿಕ್ಷೆಯನ್ನು ನೆನೆಯಬಹುದು. ಅದು ಶಿಕ್ಷೆಯಾಗಬೇಕಾದರೆ ಹೆಣ್ಣಿನ ಸ್ಥಾನ ಕೀಳೆಂದು ತರಗತಿಯೆಲ್ಲ ಮೊದಲೇ ಒಪ್ಪಿರಬೇಕು. ಆ ಒಪ್ಪಿಗೆಯನ್ನು ಅಧ್ಯಾಪಕರ ಆಜ್ಞೆಯೇ ಗಟ್ಟಿಮಾಡುತ್ತದೆ. ಇನ್ನು ಬೆತ್ತದ ಏಟು: ಮುಖ ಹಿಂಡದೆ ಅಂಗೈ ಚಾಚಿದವನು ಬೆಂಚಿಗೆ ಮರಳುವಾಗ ಗೆಳೆಯರ ಕಣ್ಣಿನಲ್ಲಿ ಒಂದು ಮೆಟ್ಟಿಲು ಏರಿರುತ್ತಾನೆ. ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ 2009ರಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಅಳುಕದೆ ನಿಲ್ಲುವುದೇ ಗಂಡಸುತನವೆಂಬ ಪಾಠ ಮಾತ್ರ ಬೆತ್ತದೊಂದಿಗೆ ಹೊರಟುಹೋಗುವುದಿಲ್ಲ. ಗದರಿಕೆ, ಮೂದಲಿಕೆಗಳೂ ಅದನ್ನು ಕಲಿಸಬಲ್ಲವು.

ಗಡಿನಾಡಿನ ತರಗತಿಯಲ್ಲಿ ಏನನ್ನು ನೋಡಬೇಕು

ಈಗ ಮೊದಲಿನ ಹುಡುಗನ ಬಳಿಗೆ ಮರಳಬಹುದು. ಮನೆಮಾತು, ಶಾಲೆಯ ಕನ್ನಡ, ರಾಜ್ಯಭಾಷೆ, ಇಂಗ್ಲಿಷು ಎಂದು ಮೂರು ನಾಲ್ಕು ಭಾಷೆಗಳು ಕೂಡುವ ತರಗತಿಯಲ್ಲಿ ಓದಿನ ಹಿನ್ನಡೆಗೆ ಭಾಷೆಯನ್ನು ಕಾರಣವಾಗಿ ಹೇಳುವುದು ಬಹಳ ಸುಲಭ. ಅದು ನಿಜವೋ ಅಲ್ಲವೋ ಎಂದು ತಿಳಿಯಲು ಲೆಬಾವ್ ಅವರ ಹೋಲಿಕೆಯ ತರ್ಕವನ್ನೇ ಸಣ್ಣ ಪ್ರಮಾಣದಲ್ಲಿ ಅನ್ವಯಿಸಬಹುದು.

ಮೊದಲನೆಯದು, ಅದೇ ಪಠ್ಯಭಾಗವನ್ನು ಹುಡುಗ ಒಂಟಿಯಾಗಿ ಓದಿದಾಗಲೂ ತರಗತಿಯ ಮುಂದೆ ಓದಿದಾಗಲೂ ಕಾಣುವ ಅಂತರ. ಅಂತರ ಇಲ್ಲದಿದ್ದರೆ ತೊಂದರೆ ಓದಿನ ಕೌಶಲದಲ್ಲೋ ಭಾಷೆಯಲ್ಲೋ ಇದೆ. ಅದಕ್ಕೆ ಬೋಧನೆಯ ಪರಿಹಾರವೇ ಬೇಕು. ಅಂತರ ದೊಡ್ಡದಿದ್ದರೆ ತೊಂದರೆ ಕೇಳುಗರಲ್ಲಿದೆ. ಬರಿಯ ಸಭಾಕಂಪವೂ ಇಂಥ ಅಂತರವನ್ನು ತರಬಲ್ಲದು. ಆದುದರಿಂದ ಎಡವಿದಾಗ ಹುಡುಗ ನೆಲ ನೋಡುತ್ತಾನೋ ಹಿಂದಿನ ಬೆಂಚು ನೋಡುತ್ತಾನೋ ಎಂಬುದನ್ನೂ ಗಮನಿಸಬೇಕಾಗುತ್ತದೆ.

ಎರಡನೆಯದು, ಒಂದೇ ಮನೆಮಾತಿನ ಹುಡುಗರನ್ನೂ ಹುಡುಗಿಯರನ್ನೂ ಹೋಲಿಸುವುದು. ಅಣ್ಣ ತಂಗಿ ಒಂದೇ ಭಾಷೆಯ ಮನೆಯಿಂದ ಬಂದಿದ್ದು, ತಂಗಿ ಗ್ರಂಥಸ್ಥ ಕನ್ನಡವನ್ನು ನಿಸ್ಸಂಕೋಚವಾಗಿ ಆಡುತ್ತ, ಅಣ್ಣ ಅದನ್ನು ‘ಪುಸ್ತಕದ ಮಾತು’ ಎಂದು ಗೇಲಿ ಮಾಡುತ್ತಿದ್ದರೆ, ಅಲ್ಲಿ ಭೇದವಿರುವುದು ಮನೆಮಾತಿನಲ್ಲಲ್ಲ. ಹಾಗೆಯೇ ಹುಡುಗ ಮೈದಾನದಲ್ಲಿ ಊರಿನ ಆಡುನುಡಿಯನ್ನು ಬಿಡದೆ ಆಡುವುದನ್ನು ಭಾಷಾಭಿಮಾನವೆಂದು ಬರೆದುಕೊಳ್ಳುವ ಮೊದಲು, ಅಲ್ಲಿ ಬೇರೆ ಮಾತು ಆಡಿದವನಿಗೆ ಏನಾಗುತ್ತದೆ ಎಂದು ನೋಡಬೇಕು. ಅಲ್ಪಸಂಖ್ಯಾತ ಭಾಷೆಯ ಉಳಿವನ್ನು ಎಣಿಸುವ ಸಂಶೋಧನೆಗಳಲ್ಲಿ ಈ ಎರಡು ಸಂಗತಿಗಳು ಸುಲಭವಾಗಿ ಬೆರೆತುಹೋಗಬಲ್ಲವು.

ಮೂರನೆಯದು, ಗದ್ದಲ ಮಾಡುವವರನ್ನು ಮಾತ್ರ ನೋಡದಿರುವುದು. 1980ರಲ್ಲಿ ಏಂಜೆಲಾ ಮಕ್‌ರಾಬಿ, ಯುವಕರ ಉಪಸಂಸ್ಕೃತಿಗಳ ಅಧ್ಯಯನಗಳನ್ನು ವಿಮರ್ಶಿಸುತ್ತ, ವಿಲ್ಲಿಸ್ ಅವರೂ ಲ್ಯಾಡ್ಸ್ ಹುಡುಗಿಯರ ಬಗ್ಗೆ ಆಡಿದ ಕ್ರೂರ ಮಾತುಗಳನ್ನು ಸಾಕಷ್ಟು ಪ್ರಶ್ನಿಸಲಿಲ್ಲವೆಂದರು. ಗುಂಪಿನ ಉತ್ಸಾಹ ಸಂಶೋಧಕನನ್ನೂ ಸೆಳೆದುಕೊಳ್ಳುತ್ತದೆ. ನಗುವ ಹನ್ನೆರಡು ಮಂದಿ ಪುಟ ತುಂಬುತ್ತಾರೆ, ನಗುವಿಗೆ ಗುರಿಯಾದವರು ಹೆಸರಿಲ್ಲದೆ ಉಳಿಯುತ್ತಾರೆ. ತರಗತಿಯ ಯಜಮಾನಿಕೆಯನ್ನು ನಡೆಸುವವರು ಹಿಂದಿನ ಬೆಂಚಿನ ನಾಲ್ವರಲ್ಲ. ಆ ನಾಲ್ವರ ನಗುವಿಗೆ ತಾವೂ ಮೆಲ್ಲನೆ ನಕ್ಕು ಸುರಕ್ಷಿತರಾಗುವ ನಡುಬೆಂಚಿನ ಮೂವತ್ತು ಮಂದಿ. ಆ ಮೂವತ್ತು ಮಂದಿಯಲ್ಲಿ ಒಬ್ಬಿಬ್ಬರು ನಗದೆ ಇರುವ ದಿನ ಬಂದರೆ, ಓದಬಲ್ಲ ಹುಡುಗ ಅದೇ ಪುಟವನ್ನು ಎಡವದೆ ಓದುತ್ತಾನೋ ಇಲ್ಲವೋ ಎಂಬುದೇ ಮನೆಮಾತಿನ ವಿವರಣೆಗೆ ಕೊನೆಯ ಪರೀಕ್ಷೆ.